ಹದಿನೈದು ಸೆಂಟಿಮೀಟರ್ ಎತ್ತರ, ಅರವತ್ತು ಸೆಂಟಿಮೀಟರ್ ಜಾಗ

ಹೊನವಾಡ, ತಿಕೋಟಾ, ಬಬಲೇಶ್ವರದ ಕಡೆ ಬೆಳೆದವರ ಮೈಗೆ ಮೊದಲು ಹತ್ತುವ ಆಟಗಳು ಕಬಡ್ಡಿ ಮತ್ತು ವಾಲಿಬಾಲ್. ಬಾಸ್ಕೆಟ್‌ಬಾಲ್ ಪರಿಚಯ ಆಗುವುದು ಹೆಚ್ಚಾಗಿ ಆಮೇಲೆ, ಓದಿಗೋ ನೌಕರಿಗೋ ವಿಜಯಪುರಕ್ಕೆ ಬಂದಾಗ. ಮೂವತ್ತು ದಾಟಿದ ಮೇಲೆ ಸಂಜೆ ಹೊತ್ತು ಆಡಲು ಇಳಿದವರು ರಿಂಗ್ ಕಡೆ ಒಮ್ಮೆ ನೋಡಿ, "ಇದು ಎತ್ತರದವರ ಆಟ, ನಾವು ದೂರದಿಂದ ಎಸೆಯೋದಷ್ಟೇ" ಅಂದುಕೊಂಡು ಬಿಡುತ್ತಾರೆ. ತಪ್ಪಿದ ಚೆಂಡನ್ನು ಹಿಡಿಯುವ ಕೆಲಸಕ್ಕೆ, ಅಂದರೆ ರೀಬೌಂಡಿಗೆ, ಈ ಮಾತು ಹೊಂದುವುದಿಲ್ಲ. ಹವ್ಯಾಸಕ್ಕೆ ಆಡುವ ದೊಡ್ಡವರ ಆಟದಲ್ಲಂತೂ ಖಂಡಿತ ಇಲ್ಲ. ಏಕೆ ಎಂಬುದನ್ನು ಸ್ವಲ್ಪ ಲೆಕ್ಕ ಹಾಕಿಯೇ ನೋಡೋಣ.

ಇಬ್ಬರು ಆಟಗಾರರನ್ನು ಊಹಿಸಿಕೊಳ್ಳಿ. ಒಬ್ಬನ ಎತ್ತರ 170 ಸೆಂ.ಮೀ., ಇನ್ನೊಬ್ಬನದು 185. ಕೈ ಮೇಲೆತ್ತಿ ನಿಂತರೆ ಮೊದಲನೆಯವನ ಬೆರಳ ತುದಿ ಸುಮಾರು 220 ಸೆಂ.ಮೀ.ಗೆ ಮುಟ್ಟುತ್ತದೆ, ಎರಡನೆಯವನದು 240ಕ್ಕೆ. ಇಬ್ಬರೂ 30 ಸೆಂ.ಮೀ. ಜಿಗಿಯುತ್ತಾರೆ ಎನ್ನೋಣ, ದಿನವಿಡೀ ಕುರ್ಚಿಯಲ್ಲಿ ಕುಳಿತು ಬಂದವರಿಗೆ ಅದು ಕಡಿಮೆಯ ಜಿಗಿತವೇನಲ್ಲ. ಹಾಗಾದರೆ ಒಬ್ಬನ ಮಿತಿ 250, ಇನ್ನೊಬ್ಬನದು 270. ರಿಂಗ್ ಇರುವುದು 305 ಸೆಂ.ಮೀ. ಎತ್ತರದಲ್ಲಿ. ಇಬ್ಬರೂ ಅಲ್ಲಿಗೆ ಮುಟ್ಟುವುದಿಲ್ಲ, ಚೆಂಡು ತಾನಾಗಿ ಕೆಳಗೆ ಬರುವವರೆಗೆ ಕಾಯಲೇಬೇಕು. ರಿಂಗಿಗೆ ಬಡಿದ ಚೆಂಡು ಅರ್ಧ ಮೀಟರ್ ಮೇಲೆ ಚಿಮ್ಮಿ ಬಿದ್ದರೆ, ಅದು 270ರ ಮಟ್ಟದಿಂದ 250ರ ಮಟ್ಟಕ್ಕೆ ಇಳಿಯಲು ಬೇಕಾದದ್ದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು. ಎತ್ತರದಿಂದ ಸಿಗುವ ಲಾಭ ಅಷ್ಟೇ.

ಅಷ್ಟಾದರೂ ಲಾಭ ಲಾಭವೇ. ಇಬ್ಬರೂ ಭುಜಕ್ಕೆ ಭುಜ ಕೊಟ್ಟು ನಿಂತಿದ್ದರೆ ಚೆಂಡು ಎತ್ತರದವನದೇ. ಈಗ ಗಿಡ್ಡನೆಯವನನ್ನು ಅವನ ಮುಂದೆ, ರಿಂಗ್ ಇರುವ ಕಡೆ ನಿಲ್ಲಿಸಿ. ಬೆನ್ನಿಗೆ ಅಂಟಿ ನಿಂತರೂ ಹಿಂದಿನವನ ಭುಜ ಮುಂದಿನವನ ತಲೆಯ ಮೇಲೆ ಇಳಿಯುವ ಚೆಂಡಿಗಿಂತ ಸುಮಾರು 60 ಸೆಂ.ಮೀ. ಹಿಂದೆ ಉಳಿಯುತ್ತದೆ. ಅವನು ತೋಳನ್ನು ನೇರ ಮೇಲೆ ಎತ್ತುವಂತಿಲ್ಲ, ಮುಂದಕ್ಕೆ ಓರೆಯಾಗಿ ಚಾಚಬೇಕು. 80 ಸೆಂ.ಮೀ. ಉದ್ದದ ತೋಳು 60 ಸೆಂ.ಮೀ. ಮುಂದಕ್ಕೆ ಚಾಚಿದರೆ ಭುಜದಿಂದ ಮೇಲಕ್ಕೆ ಮುಟ್ಟುವುದು 53 ಸೆಂ.ಮೀ. ಮಾತ್ರ, ಶಾಲೆಯಲ್ಲಿ ಕಲಿತ ಪೈಥಾಗೊರಸ್ ಲೆಕ್ಕವೇ ಇದು. 27 ಸೆಂ.ಮೀ. ಕಳೆದುಹೋಯಿತು. 270 ಇದ್ದದ್ದು 243 ಆಯಿತು, ಮುಂದಿನವನದು 250ರಲ್ಲೇ ಇದೆ. ಹದಿನೈದು ಸೆಂ.ಮೀ. ಎತ್ತರದ ಅಂತರವನ್ನು ಒಂದು ಜಾಗ ಅಳಿಸಿ ಹಾಕಿತು.

ಹಾಗಾದರೆ ಹಿಂದಿನವನು ಸುತ್ತಿ ಮುಂದೆ ಬರಬಾರದೇ? ಬರಬಹುದು. ಆದರೆ ನಿಂತಲ್ಲಿಂದ ಹೊರಟು ಒಂದು ಮೀಟರಿಗೂ ಹೆಚ್ಚು ದೂರ ಸರಿಯಲು ಮುಕ್ಕಾಲರಿಂದ ಒಂದು ಸೆಕೆಂಡ್ ಬೇಕು. ಚೆಂಡು ರಿಂಗಿಗೆ ತಾಗಿ, ಚಿಮ್ಮಿ, ಕೈಗೆ ಬರಲು ಹಿಡಿಯುವುದು ಸುಮಾರು ಮುಕ್ಕಾಲು ಸೆಕೆಂಡ್. ಅವನು ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ.

ಈ ಜಾಗವನ್ನು ಹಿಡಿದು ಎದುರಾಳಿಯನ್ನು ಬೆನ್ನ ಹಿಂದೆಯೇ ಉಳಿಸಿಕೊಳ್ಳುವುದಕ್ಕೆ ಬಾಕ್ಸ್ ಔಟ್ ಎನ್ನುತ್ತಾರೆ. ಅದಕ್ಕೆ ಸಿಗುವ ಸಮಯವೆಂದರೆ ಚೆಂಡು ಎಸೆದವನ ಕೈಬಿಟ್ಟು ರಿಂಗ್ ತಲುಪುವವರೆಗಿನ ಸುಮಾರು ಒಂದು ಸೆಕೆಂಡ್. ಎಲ್ಲರೂ ತಪ್ಪುವುದು ಈ ಒಂದು ಸೆಕೆಂಡಿನಲ್ಲೇ. ಚೆಂಡು ಗಾಳಿಯಲ್ಲಿ ಹೋಗುವಾಗ ಕಣ್ಣು ಅದರ ಹಿಂದೆಯೇ ಹೋಗುತ್ತದೆ. ವಾಲಿಬಾಲ್ ಆಡಿ ಬಂದವರಿಗೆ ಇದು ಬಿಡಲಾಗದ ಅಭ್ಯಾಸ. ಕಬಡ್ಡಿ ಆಡಿದವರಿಗೆ ಇಲ್ಲಿ ಅನುಕೂಲ ಹೆಚ್ಚು: ರೈಡರ್ ಕಾಲು ಎತ್ತ ಇಡುತ್ತಾನೆ ಎಂದು ನೋಡುವ ಕಣ್ಣು, ಸೊಂಟ ಇಳಿಸಿ ನಿಲ್ಲುವ ರೂಢಿ ಅವರಲ್ಲಿ ಮೊದಲೇ ಇರುತ್ತದೆ.

ಕ್ರಮ ಹೀಗಿದೆ. ಶಾಟ್ ಹೋಯಿತೆಂದು ತಿಳಿದ ಕೂಡಲೇ ನಿಮ್ಮ ಎದುರಾಳಿಯನ್ನು ನೋಡಿ. ಅವನತ್ತ ಒಂದು ಹೆಜ್ಜೆ ಇಟ್ಟು, ಮಡಚಿದ ಮುಂಗೈಯನ್ನು ಅವನಿಗೆ ಹಗುರಾಗಿ ತಾಗಿಸಿ. ಅವನು ಎತ್ತ ಹೊರಟ ಎಂಬುದು ಆ ಸ್ಪರ್ಶದಲ್ಲೇ ಗೊತ್ತಾಗುತ್ತದೆ. ಆ ಕಡೆಯ ದಾರಿಗೆ ಅಡ್ಡವಾಗುವಂತೆ ಒಂದು ಕಾಲ ಮೇಲೆ ತಿರುಗಿ ಬೆನ್ನು ಕೊಡಿ. ಕಾಲುಗಳು ಭುಜಕ್ಕಿಂತ ಅಗಲ, ಮಂಡಿ ಬಾಗಿರಲಿ, ಪೃಷ್ಠ ಹಿಂದೆ, ಕೈಗಳು ಮೇಲೆ. ದೇಹದ ಭಾರದ ಕೇಂದ್ರ ಕೆಳಗಿಳಿದು ಕಾಲುಗಳ ನಡುವಿನ ಹರವು ಹೆಚ್ಚಿದಷ್ಟೂ ನಿಮ್ಮನ್ನು ಕದಲಿಸುವುದು ಕಷ್ಟ. ಎತ್ತರದವನ ಸೊಂಟ ಹೇಗೂ ಮೇಲಿರುತ್ತದೆ, ಹಾಗಾಗಿ ಈ ತಳ್ಳಾಟದಲ್ಲಿ ಗಿಡ್ಡನೆಯವನೇ ಗಟ್ಟಿ. ಈಗ ಮಾತ್ರ ತಲೆ ಎತ್ತಿ ಚೆಂಡನ್ನು ಹುಡುಕಿ. ಎದುರಾಳಿ ಎಲ್ಲಿದ್ದಾನೆಂದು ಬೆನ್ನು ಹೇಳುತ್ತಿರುತ್ತದೆ. ಬೆನ್ನಿಗೆ ಅವನ ಭಾರ ತಗಲುತ್ತಿಲ್ಲವೆಂದರೆ ಅವನು ತಪ್ಪಿಸಿಕೊಂಡಿದ್ದಾನೆ ಎಂದೇ ಅರ್ಥ.

ನಿಯಮವೂ ಇದರ ಪರವಾಗಿದೆ. ಖಾಲಿ ಜಾಗವನ್ನು ಮೊದಲು ಹಿಡಿದವನಿಗೆ ಅದರ ಹಕ್ಕು. ಹಿಂದಿನವನು ತಳ್ಳಿ ಆ ಜಾಗ ಕಸಿದರೆ ಫೌಲ್. ಫ್ರೀ ಥ್ರೋ ಹೊತ್ತಿನಲ್ಲಿ ರಿಂಗಿಗೆ ತೀರಾ ಹತ್ತಿರದ ಎರಡು ಜಾಗಗಳನ್ನು ನಿಯಮವೇ ರಕ್ಷಣೆಯ ತಂಡಕ್ಕೆ ಕೊಟ್ಟಿದೆ. ಆದರೆ ನೀವು ಸೊಂಟದಿಂದ ಹಿಂದಕ್ಕೆ ತಳ್ಳುತ್ತಾ ಹೋದರೆ, ಕೈ ಹಿಂದೆ ಸುತ್ತಿ ಅವನನ್ನು ಹಿಡಿದರೆ ಫೌಲ್ ನಿಮ್ಮದೇ.

ರೀಬೌಂಡ್ ಕಳೆಯುವ ಇನ್ನೊಂದು ತಪ್ಪೂ ಇದೆ: ರಿಂಗಿನ ಕೆಳಗೇ ಹೋಗಿ ನಿಲ್ಲುವುದು. ಅಲ್ಲಿಗೆ ಬೀಳುವುದು ಬುಟ್ಟಿಯೊಳಗೆ ಹೋದ ಚೆಂಡು. ತಪ್ಪಿದ್ದು ತಲೆಯ ಮೇಲೆ ಹಾರಿ ಹೋಗುತ್ತದೆ. ರಿಂಗಿನಿಂದ ಒಂದೂವರೆ, ಎರಡು ಮೀಟರ್ ಹೊರಗೆ ಎದುರಾಳಿಯನ್ನು ತಡೆದರೆ ಮುಂದೆ ಜಿಗಿಯಲು ಜಾಗವಿರುತ್ತದೆ. ಕೋರ್ಟಿನ ಬದಿಯಿಂದ ಎಸೆದ ಚೆಂಡು ಹೆಚ್ಚಾಗಿ ಎದುರು ಬದಿಗೆ ದಾಟುತ್ತದೆ. ಮೂರು ಅಂಕದ ಗೆರೆ 6.75 ಮೀಟರ್ ದೂರ. ಅಲ್ಲಿಂದ ಬಂದದ್ದು ದೂರ ಚಿಮ್ಮುತ್ತದೆ. ಆಟದ ಕೊನೆಗೆ ದಣಿದವರ ಎಸೆತ ಗಿಡ್ಡವಾಗಿ ರಿಂಗಿನ ಮುಂಭಾಗಕ್ಕೆ ಬಡಿದು ಮರಳುತ್ತದೆ, ಆಗ ಮುಂದೆಯೇ ಕಾಯಬೇಕು.

ಎತ್ತರಕ್ಕೆ ಬೆಲೆಯೇ ಇಲ್ಲ ಎಂದಲ್ಲ. ಎದುರಾಳಿಯ ಜಿಗಿತ ನಿಮಗಿಂತ ಸಾಕಷ್ಟು ಹೆಚ್ಚಿದ್ದರೆ ಮೇಲಿನ ಲೆಕ್ಕ ಮುರಿಯುತ್ತದೆ. ಆದರೆ ಅಮೆರಿಕದ ಎನ್‌ಬಿಎಯಲ್ಲೂ 201 ಸೆಂ.ಮೀ.ನ ಡೆನ್ನಿಸ್ ರಾಡ್‌ಮನ್ ತನಗಿಂತ ಎತ್ತರದವರ ನಡುವೆ 1992ರಿಂದ 1998ರವರೆಗೆ ಸತತ ಏಳು ಋತುಗಳಲ್ಲಿ ರೀಬೌಂಡ್ ಸರಾಸರಿಯಲ್ಲಿ ಮೊದಲಿಗನಾಗಿದ್ದ. ಅವನಿಗಿಂತ ಗಿಡ್ಡನಾದ ಚಾರ್ಲ್ಸ್ ಬಾರ್ಕ್ಲಿ 1986–87ರಲ್ಲಿ ಅದೇ ಸ್ಥಾನದಲ್ಲಿದ್ದ.

ಕಲಿಯಲು ರಿಂಗ್ ಕೂಡ ಬೇಕಿಲ್ಲ. ಹೊನವಾಡದ ಯಾವ ಬಯಲಲ್ಲಾದರೂ ಚೆಂಡನ್ನು ನೆಲದ ಮೇಲಿಟ್ಟು, ಒಬ್ಬನು ಅದಕ್ಕೆ ಬೆನ್ನು ಮಾಡಿ, ಇನ್ನೊಬ್ಬನು ಅವನ ಎದುರಿಗೆ ನಿಲ್ಲಲಿ. ಸೀಟಿ ಊದಿದ ಕೂಡಲೇ ಮೊದಲನೆಯವನು ತಿರುಗಿ, ಬೆನ್ನು ಕೊಟ್ಟು, ಐದು ಎಣಿಸುವವರೆಗೆ ಚೆಂಡನ್ನು ಮುಟ್ಟಗೊಡಬಾರದು. ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ: ಎದುರಾಳಿ ಗಾಳಿಯಲ್ಲಿದ್ದಾಗ ಹಿಂದೆ ಸರಿದು ಅವನ ಕಾಲ ಕೆಳಗೆ ಹೋಗಬೇಡಿ. ಬೇರೆಯವರ ಪಾದದ ಮೇಲೆ ಇಳಿದರೆ ಕಣಕಾಲು ಹೊರಳುತ್ತದೆ. ಚೆಂಡು ಹಿಡಿದಾಗ ನೀವೂ ಎರಡೂ ಕಾಲ ಮೇಲೆ ಇಳಿಯಿರಿ.