ಡೆಲ್ಲಿ ಗಾಡಿಗೆ ಕೆಎ ನಂಬರು

ಬೆಂಗಳೂರಿನ ಹಳೇ ಕಾರು ಮಾರುಕಟ್ಟೆಯಲ್ಲಿ ‘ಡೆಲ್ಲಿ ಗಾಡಿ’ ಎಂದರೆ ಬೇರೆ ವಿವರಣೆ ಬೇಕಾಗುವುದಿಲ್ಲ. ಏಳೆಂಟು ವರ್ಷ ಓಡಿದ, ನೋಡುವುದಕ್ಕೆ ಇನ್ನೂ ಲಕ್ಷಣವಾಗಿರುವ, ಇಲ್ಲಿನ ದರಕ್ಕಿಂತ ಎರಡು ಮೂರು ಲಕ್ಷ ಕಡಿಮೆಗೆ ಸಿಗುವ ಡೀಸೆಲ್ ಎಸ್‌ಯುವಿ ಅದು. ಕಡಿಮೆಗೆ ಸಿಗುವುದರಲ್ಲಿ ಗುಟ್ಟೇನೂ ಇಲ್ಲ. ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳು, ಹದಿನೈದು ವರ್ಷ ದಾಟಿದ ಪೆಟ್ರೋಲ್ ವಾಹನಗಳು ದೆಹಲಿ ಸುತ್ತಮುತ್ತ ಓಡಬಾರದು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಬೆಂಬಲವಾಗಿ ನಿಂತಿತು. ಆಮೇಲೆ ಆ ಹಗ್ಗ ಸಡಿಲವಾದದ್ದೂ ಉಂಟು, ಬಿಗಿಯಾದದ್ದೂ ಉಂಟು. ಮಾಲೀಕರ ಭಯ ಮಾತ್ರ ಹೋಗಿಲ್ಲ. ಡೀಸೆಲ್ ಕಾರಿಗೆ ಏಳು ವರ್ಷ ತುಂಬಿತೆಂದರೆ ಅಲ್ಲಿನವರು ದಿನ ಎಣಿಸತೊಡಗುತ್ತಾರೆ. ಅದೇ ಕಾರಿಗೆ ಕರ್ನಾಟಕದಲ್ಲಿ ಹದಿನೈದು ವರ್ಷದವರೆಗೆ ನೋಂದಣಿ ಸಿಗುತ್ತದೆ. ವ್ಯಾಪಾರ ಹುಟ್ಟುವುದು ಈ ಅಂತರದಲ್ಲೇ.

ಜಾಹೀರಾತಿನಲ್ಲಿ ಕಾಣುವ ಬೆಲೆ ಕಾರಿನದು ಮಾತ್ರ. ಅದರ ಮೇಲೆ ಕರ್ನಾಟಕದ ಜೀವಿತಾವಧಿ ತೆರಿಗೆ, ಬ್ರೋಕರ್ ಬಾಯಲ್ಲಿ ‘ಲೈಫ್ ಟ್ಯಾಕ್ಸ್’, ಕಟ್ಟಬೇಕು. ಇಲ್ಲಿಯೇ ಹೆಚ್ಚಿನವರ ಲೆಕ್ಕ ತಪ್ಪುವುದು. ಏಳು ಲಕ್ಷಕ್ಕೆ ಕೊಂಡ ಕಾರಿಗೆ ಏಳು ಲಕ್ಷದ ಮೇಲೆ ತೆರಿಗೆ ಬೀಳುತ್ತದೆ ಎಂದುಕೊಂಡಿರುತ್ತಾರೆ. ಹಾಗಲ್ಲ. ಆ ಕಾರು ಹೊಸದಾಗಿ ಶೋರೂಮಿನಿಂದ ಹೊರಬಿದ್ದ ದಿನ ಅದರ ಬೆಲೆ ಎಷ್ಟಿತ್ತೋ ಅದರ ಮೇಲೆ ತೆರಿಗೆ ಲೆಕ್ಕ ಹಾಕಿ, ಆಮೇಲೆ ಕಾರಿನ ವಯಸ್ಸು ನೋಡಿ ಅದರಲ್ಲಿ ಇಂತಿಷ್ಟು ಪಾಲು ಎಂದು ವಸೂಲು ಮಾಡುತ್ತಾರೆ. ನೀವು ಎಷ್ಟು ಚೌಕಾಸಿ ಮಾಡಿದಿರಿ ಎಂಬುದು ಆರ್‌ಟಿಒಗೆ ಬೇಡವಾದ ವಿಷಯ.

ದರ ಹೀಗಿದೆ. ಪೆಟ್ರೋಲ್, ಡೀಸೆಲ್ ಕಾರಿನ ಮೂಲ ಬೆಲೆ ಐದು ಲಕ್ಷದೊಳಗಿದ್ದರೆ ಶೇ. 13, ಐದರಿಂದ ಹತ್ತು ಲಕ್ಷಕ್ಕೆ ಶೇ. 14, ಹತ್ತರಿಂದ ಇಪ್ಪತ್ತಕ್ಕೆ ಶೇ. 17, ಅದಕ್ಕೂ ಮೇಲೆ ಶೇ. 18. ಹೀಗೆ ಬಂದ ತೆರಿಗೆಯ ಮೇಲೆ ಶೇ. 11ರಷ್ಟು ಸೆಸ್. ಕಾರಿಗೆ ಎರಡು ವರ್ಷ ತುಂಬುವವರೆಗೆ ಈ ಮೊತ್ತದ ಶೇ. 93 ಕಟ್ಟಬೇಕು. ವಯಸ್ಸಾದಂತೆ ಪಾಲು ಇಳಿಯುತ್ತದೆ: ಐದನೇ ವರ್ಷ ನಡೆಯುತ್ತಿದ್ದರೆ ಶೇ. 75, ಎಂಟನೇ ವರ್ಷದಲ್ಲಿ ಶೇ. 59, ಒಂಬತ್ತನೇ ವರ್ಷದಲ್ಲಿ ಶೇ. 54. ಬಜೆಟ್ ಬಂದಾಗ ಈ ದರಗಳು ಬದಲಾಗುವುದುಂಟು. ಆದ್ದರಿಂದ ಹಣ ಕೊಡುವ ಮುಂಚೆ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಒಮ್ಮೆ ಕೇಳಿಕೊಳ್ಳಿ. ಲೆಕ್ಕದ ಕ್ರಮ ಮಾತ್ರ ಇದೇ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ದೆಹಲಿಯ ಡೀಸೆಲ್ ಎಸ್‌ಯುವಿ, ಹೊಸದಿದ್ದಾಗ 18 ಲಕ್ಷ, ಈಗ ಏಳು ವರ್ಷ ತುಂಬಿ ಎಂಟು ನಡೆಯುತ್ತಿದೆ. ಅಲ್ಲಿ ಏಳು ಲಕ್ಷಕ್ಕೆ ಕೊಡುತ್ತಾರೆ. ಅಂಥದ್ದೇ ಕೆಎ ನಂಬರಿನ ಗಾಡಿಗೆ ಇಲ್ಲಿ ಒಂಬತ್ತೂವರೆ ಎನ್ನೋಣ. ಮೇಲ್ನೋಟಕ್ಕೆ ಎರಡೂವರೆ ಲಕ್ಷ ಉಳಿತಾಯ. ಈಗ 18 ಲಕ್ಷಕ್ಕೆ ಶೇ. 17 ಎಂದರೆ 3,06,000 ರೂಪಾಯಿ. ಸೆಸ್ 33,660 ಸೇರಿಸಿದರೆ 3,39,660. ಅದರಲ್ಲಿ ಶೇ. 59 ಎಂದರೆ ಎರಡು ಲಕ್ಷಕ್ಕೆ ನಾಲ್ಕುನೂರು ರೂಪಾಯಿ ಜಾಸ್ತಿ. ಉಳಿದ ಐವತ್ತು ಸಾವಿರದಲ್ಲಿ ಎರಡು ಸಾವಿರ ಕಿಲೋಮೀಟರು ದಾಟಿಸಿ ಗಾಡಿ ತರುವ ಖರ್ಚು, ನೋಡಿ ಬರಲು ಹೋದ ಓಡಾಟ, ಹೊಸ ನಂಬರ್ ಪ್ಲೇಟು, ಏಜೆಂಟರ ಕೈಗೆ ಹೋಗುವುದು ಎಲ್ಲ ಮುಗಿಯಬೇಕು. ಕೊನೆಗೆ ಉಳಿಯುವುದು ಹತ್ತು ಹದಿನೈದು ಸಾವಿರ. ಅಷ್ಟಕ್ಕಾಗಿ ಸರ್ವಿಸ್ ಚರಿತ್ರೆ ಗೊತ್ತಿಲ್ಲದ ಗಾಡಿಯನ್ನು ದೆಹಲಿಯಿಂದ ತರುವ ಧೈರ್ಯ ನನಗಂತೂ ಬರುವುದಿಲ್ಲ.

ಇದೇ ಲೆಕ್ಕವನ್ನು ಸಣ್ಣ ಪೆಟ್ರೋಲ್ ಕಾರಿಗೆ ಹಾಕಿ ನೋಡಿ. ಹೊಸದಿದ್ದಾಗ ಐದೂವರೆ ಲಕ್ಷ, ಈಗ ಒಂಬತ್ತನೇ ವರ್ಷ. ಶೇ. 14ರಂತೆ 77,000, ಸೆಸ್ ಸೇರಿ 85,470, ಅದರ ಶೇ. 54 ಎಂದರೆ ಸುಮಾರು 46,000. ದರದ ಅಂತರ ಒಂದು ಲಕ್ಷವಿದ್ದರೆ ಯೋಚಿಸಬಹುದು. ಆದರೆ ಪೆಟ್ರೋಲ್ ಕಾರಿಗೆ ದೆಹಲಿಯಲ್ಲೂ ಹದಿನೈದು ವರ್ಷ ಆಯಸ್ಸು ಇರುವುದರಿಂದ ಅಲ್ಲಿ ಅದರ ಬೆಲೆ ಅಷ್ಟು ಬಿದ್ದಿರುವುದಿಲ್ಲ. ಅಗ್ಗವಾಗಿ ಸಿಗುವುದಕ್ಕೆ ತೆರಿಗೆ ಜಾಸ್ತಿ, ತೆರಿಗೆ ಕಡಿಮೆ ಇರುವುದು ಅಗ್ಗವಾಗಿ ಸಿಗುವುದಿಲ್ಲ.

ಈ ಕೋಷ್ಟಕದಲ್ಲಿ ಕಣ್ಣಿಗೆ ಬೀಳದ ಎರಡು ಮೆಟ್ಟಿಲುಗಳಿವೆ. ಒಂದು, ವಯಸ್ಸಿನದು. ನಮ್ಮ ಉದಾಹರಣೆಯ ಗಾಡಿಗೆ ಎಂಟು ವರ್ಷ ತುಂಬಲು ಮೂರು ವಾರ ಬಾಕಿ ಇದ್ದರೆ, ಆ ಮೂರು ವಾರ ಕಾದವರಿಗೆ ಹದಿನೇಳು ಸಾವಿರ ಉಳಿಯುತ್ತದೆ. ಆರ್‌ಸಿಯಲ್ಲಿರುವ ಮೊದಲ ನೋಂದಣಿ ದಿನಾಂಕವನ್ನು ಅದಕ್ಕಾಗಿಯೇ ನೋಡಿಕೊಳ್ಳಬೇಕು. ಇನ್ನೊಂದು, ಬೆಲೆಯದು. ಮೂಲ ಬೆಲೆ ಹತ್ತು ಲಕ್ಷ ದಾಟಿತೋ ಇಲ್ಲವೋ ಎಂಬುದರ ಮೇಲೆ ದರ ಶೇ. 14ರಿಂದ 17ಕ್ಕೆ ಜಿಗಿಯುತ್ತದೆ. ಹೊಸದಾಗಿ ಕೊಂಡಾಗಿನ ಇನ್‌ವಾಯ್ಸ್ ಪ್ರತಿಯನ್ನು ಮಾರುವವರಿಂದ ಕೇಳಿ ಪಡೆಯುವುದು ಈ ಕಾರಣಕ್ಕೆ. ‘ಟ್ಯಾಕ್ಸ್ ಎಲ್ಲಾ ಒಂದು ಲಕ್ಷದೊಳಗೇ ಆಗುತ್ತೆ ಸಾರ್’ ಎಂದು ಬ್ರೋಕರ್ ಹೇಳಿದರೆ, ಇನ್‌ವಾಯ್ಸ್ ಎದುರಿಗಿಟ್ಟುಕೊಂಡು ಅವರ ಕೈಯಲ್ಲೇ ಲೆಕ್ಕ ಹಾಕಿಸಿ.

ಇನ್ನು ಎನ್‌ಒಸಿ. ಮೋಟಾರು ವಾಹನ ಕಾಯ್ದೆಯ 48ನೇ ಸೆಕ್ಷನ್ ಪ್ರಕಾರ, ಗಾಡಿ ಬೇರೆ ರಾಜ್ಯಕ್ಕೆ ಹೋಗಬೇಕಾದರೆ ಈಗ ಅದು ನೋಂದಣಿಯಾಗಿರುವ ಆರ್‌ಟಿಒ ‘ನಮ್ಮ ಅಭ್ಯಂತರವಿಲ್ಲ’ ಎಂದು ಬರೆದುಕೊಡಬೇಕು. ಅರ್ಜಿ ನಮೂನೆ 28. ಅದರ ಮೇಲೆ ಚಾಸಿ ನಂಬರನ್ನು ಪೆನ್ಸಿಲಿನಿಂದ ಉಜ್ಜಿ ತೆಗೆದ ಪ್ರಿಂಟ್ ಇರಬೇಕು. ಅರ್ಜಿ ಹಾಕುವವರು ಆರ್‌ಸಿಯಲ್ಲಿ ಹೆಸರಿರುವ ಮಾಲೀಕರು, ನೀವಲ್ಲ. ತೆರಿಗೆ ಬಾಕಿ, ಕಟ್ಟದ ಚಲನ್, ಕಳವಿನ ದೂರು, ಬ್ಯಾಂಕಿನ ಸಾಲ ಇವುಗಳಲ್ಲಿ ಯಾವುದು ಇದ್ದರೂ ಎನ್‌ಒಸಿ ನಿಂತುಹೋಗುತ್ತದೆ. ಆದ್ದರಿಂದ ಎನ್‌ಒಸಿ ಕೈಗೆ ಬಂತೆಂದರೆ ಗಾಡಿಯ ಪೂರ್ವಾಪರವನ್ನು ಸರ್ಕಾರವೇ ಅರ್ಧ ತಪಾಸಣೆ ಮಾಡಿಕೊಟ್ಟಂತೆ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದೇ ಇರುವುದು ತೀರಾ ಸಾಮಾನ್ಯ. ಬ್ಯಾಂಕು ಸಹಿ ಮಾಡಿದ ನಮೂನೆ 35 ಕೊಟ್ಟು ಆ ಹೆಸರನ್ನು ತೆಗೆಸುವ ಕೆಲಸ ಮಾರುವವರದು, ಅದೂ ದೆಹಲಿಯಲ್ಲೇ ಮುಗಿಯಬೇಕು.

ಎನ್‌ಒಸಿ ಯಾವ ಆರ್‌ಟಿಒಗೆ ಎಂದು ಹೆಸರು ಬರೆದೇ ಬರುತ್ತದೆ. ‘ಕರ್ನಾಟಕಕ್ಕೆ’ ಎಂದಷ್ಟೇ ಹೇಳಿದರೆ ಸಾಲದು. ಮೈಸೂರಿನಲ್ಲೇ ಪಶ್ಚಿಮಕ್ಕೆ ಕೆಎ 09, ಪೂರ್ವಕ್ಕೆ ಕೆಎ 55. ಮನೆ ಪೂರ್ವದಲ್ಲಿದ್ದು ಎನ್‌ಒಸಿ ಪಶ್ಚಿಮದ ಹೆಸರಿಗೆ ಬಂದರೆ ತಿದ್ದುಪಡಿಗೆ ಮತ್ತೆ ದೆಹಲಿಯ ಕಚೇರಿಯನ್ನೇ ಹಿಡಿಯಬೇಕು. ಅಷ್ಟರಲ್ಲಿ ಮಾರಿದವರಿಗೆ ದುಡ್ಡು ಸಂದಿರುತ್ತದೆ, ಫೋನೆತ್ತುವ ಉತ್ಸಾಹ ಕುಗ್ಗಿರುತ್ತದೆ. ಮುಂಗಡ ಕೊಟ್ಟಾಗಲೇ ನಿಮ್ಮ ವಿಳಾಸದ ಆರ್‌ಟಿಒ ಕೋಡನ್ನು ಬರೆದು ಕಳಿಸಿ. ದೊಡ್ಡ ಮೊತ್ತವನ್ನು ಎನ್‌ಒಸಿ ಬಂದ ಮೇಲೆ, ನಮೂನೆ 29 ಮತ್ತು 30ಕ್ಕೆ ಮಾಲೀಕರ ಸಹಿ ಬಿದ್ದ ಮೇಲೆ ಕೊಡಿ. ಮಾರುತ್ತಿರುವವರು ಡೀಲರ್ ಆಗಿದ್ದು, ಆರ್‌ಸಿ ಮಾಲೀಕರು ಯಾರೆಂದೇ ಅವರಿಗೆ ಸರಿಯಾಗಿ ಗೊತ್ತಿಲ್ಲದಿದ್ದರೆ ಆ ಗಾಡಿಯನ್ನು ಅಲ್ಲಿಗೇ ಬಿಟ್ಟು ಬನ್ನಿ.

‘ಒಂದು ವರ್ಷ ಡಿಎಲ್ ನಂಬರಿನಲ್ಲೇ ಓಡಿಸಿ, ಆಮೇಲೆ ನೋಡಿಕೊಳ್ಳೋಣ’ ಎಂಬ ಸಲಹೆಯೂ ಸಿಗುತ್ತದೆ. ಇದು ಅರ್ಧ ಕಾನೂನು ಓದಿದವರ ಮಾತು. 47ನೇ ಸೆಕ್ಷನ್‌ನಲ್ಲಿ ಹನ್ನೆರಡು ತಿಂಗಳ ಮಾತು ಇರುವುದು ನಿಜ. ಅದು ಕೆಲಸ ವರ್ಗವಾಗಿ ತನ್ನದೇ ಕಾರಿನೊಂದಿಗೆ ಬಂದವನಿಗೆ ಹೊಂದುತ್ತದೆ. ಕೊಂಡವನು 50ನೇ ಸೆಕ್ಷನ್‌ಗೆ ಬರುತ್ತಾನೆ. ಮೂವತ್ತು ದಿನದೊಳಗೆ ತಾನು ವಾಸವಿರುವ ಕಡೆಯ ಆರ್‌ಟಿಒಗೆ ಮಾಲೀಕತ್ವ ವರ್ಗಾವಣೆಗೆ ಅರ್ಜಿ ಕೊಡಬೇಕು. ಹೆಸರು ಬದಲಾಗಬೇಕೆಂದರೆ ತೆರಿಗೆ ಕಟ್ಟಬೇಕು, ನಂಬರೂ ಬದಲಾಗಬೇಕು. ತಡ ಮಾಡಿದರೆ ದಂಡಕ್ಕಿಂತ ವಿಮೆಯ ತೊಂದರೆ ದೊಡ್ಡದು. ಪಾಲಿಸಿಯನ್ನು ಹದಿನಾಲ್ಕು ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳದಿದ್ದರೆ, ಎದುರಿನವರಿಗೆ ಆದ ಹಾನಿಗೆ ವಿಮಾ ರಕ್ಷಣೆ ಮುಂದುವರಿದರೂ ನಿಮ್ಮ ಗಾಡಿಯ ರಿಪೇರಿ ಹಣ ಕೈತಪ್ಪಬಹುದು. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ ಕಾರಿನ ಜತೆ ಬರುವುದಿಲ್ಲ, ಅದು ಅವರದೇ.

ಇಲ್ಲಿಯ ಆರ್‌ಟಿಒದಲ್ಲಿ ನಮೂನೆ 27 ಮತ್ತು 30, ಎನ್‌ಒಸಿ, ವಿಮೆ, ಹೊಗೆ ತಪಾಸಣೆ ಪತ್ರ, ವಿಳಾಸದ ದಾಖಲೆಗಳನ್ನು ಕೊಟ್ಟು ಗಾಡಿಯನ್ನು ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಬೇಕು. ಅವರು ಚಾಸಿ, ಎಂಜಿನ್ ನಂಬರುಗಳನ್ನು ದಾಖಲೆಯೊಡನೆ ತಾಳೆ ನೋಡುತ್ತಾರೆ. ಎಂಜಿನ್ ಬದಲಾಯಿಸಿ ಆರ್‌ಸಿಯಲ್ಲಿ ನಮೂದಿಸದ ಗಾಡಿ, ಹೊರಗೆ ಸಿಎನ್‌ಜಿ ಕಿಟ್ ಹಾಕಿಸಿ ಆಮೇಲೆ ಕಿತ್ತಿಟ್ಟ ಗಾಡಿ ಸಿಕ್ಕಿಬೀಳುವುದು ಇಲ್ಲೇ. ದೆಹಲಿಯಲ್ಲಿ ಕೊಳ್ಳುವಾಗಲೇ ನೀವೇ ಬಾನೆಟ್ ಎತ್ತಿ ಈ ತಾಳೆ ಮಾಡಿದ್ದರೆ ಆ ದಿನ ಬೆವರಬೇಕಾಗುವುದಿಲ್ಲ. ಪರಿವಾಹನ್ ಜಾಲತಾಣದಲ್ಲಿ ಗಾಡಿಯ ಸ್ಥಿತಿಯನ್ನೂ ಮುಂಗಡಕ್ಕೆ ಮುಂಚೆಯೇ ನೋಡಿ. ನೋಂದಣಿ ರದ್ದಾದ ಗಾಡಿ ಎಷ್ಟು ಅಗ್ಗವಾಗಿದ್ದರೂ ನಿಮ್ಮ ಹೆಸರಿಗೆ ತರುವುದು ದೊಡ್ಡ ತಲೆನೋವು.

ಹೊಸ ನಂಬರು ಬಂದ ಮೇಲೆ ಹಳೇ ಫಾಸ್ಟ್ಯಾಗ್ ಮುಚ್ಚಿಸಿ ಹೊಸದು ಹಾಕಿಸಿ. ಅತಿ ಸುರಕ್ಷಿತ ನಂಬರ್ ಪ್ಲೇಟೂ ಹೊಸದೇ ಬೇಕು. ಇನ್ನೊಂದು ದುಡ್ಡಿನ ವಿಷಯ ಬಾಕಿ ಇದೆ. ಈ ಕಾರಿಗೆ ದೆಹಲಿಯಲ್ಲಿ ಮೊದಲೇ ಪೂರ್ತಿ ತೆರಿಗೆ ಕಟ್ಟಲಾಗಿದೆ. ಹತ್ತು ಲಕ್ಷ ಮೀರಿದ ಡೀಸೆಲ್ ಕಾರಿಗೆ ಅಲ್ಲಿ ಶೇ. 12.5. ನಮ್ಮ ಉದಾಹರಣೆಯ ಗಾಡಿಗೆ ಅದು 2,25,000 ರೂಪಾಯಿ. ಕರ್ನಾಟಕದಲ್ಲಿ ಮತ್ತೆ ತೆರಿಗೆ ಕಟ್ಟಿದ ರಸೀದಿ, ಹೊಸ ಆರ್‌ಸಿ ತೋರಿಸಿ ಉಳಿದ ಅವಧಿಯ ಪಾಲನ್ನು ಅಲ್ಲಿಯ ಆರ್‌ಟಿಒದಿಂದ ವಾಪಸು ಕೇಳಬಹುದು. ಆದರೆ ಅಲ್ಲಿಯ ದಾಖಲೆಯಲ್ಲಿ ಮಾಲೀಕರು ಹಳಬರೇ, ಹಣ ಹೋಗುವುದೂ ಅವರ ಖಾತೆಗೇ ಇರಬಹುದು. ಹಾಗಾಗಿ ಮರುಪಾವತಿ ಯಾರದು, ಅರ್ಜಿಗೆ ಸಹಿ ಯಾರು ಹಾಕುತ್ತಾರೆ ಎಂಬುದನ್ನು ಮಾರಾಟದ ಒಪ್ಪಂದದಲ್ಲೇ ಒಂದು ಸಾಲು ಬರೆಸಿಕೊಳ್ಳಿ. ನನ್ನನ್ನು ಕೇಳಿದರೆ, ಆ ಹಣವನ್ನು ಲೆಕ್ಕಕ್ಕೇ ಹಿಡಿಯದೆ ಗಾಡಿಯ ಬೆಲೆ ಮಾತಾಡುವುದು ಒಳ್ಳೆಯದು.