ಮೂರು ಪ್ರಶ್ನೆ, ಇಪ್ಪತ್ತು ನಿಮಿಷ: ಹಿರಿಯರ ಅನುಭವವನ್ನು ಕೇಳುವ ಕ್ರಮ

ಮಾಹಿತಿ ಸಂದರ್ಶನವೆಂದರೆ ಒಂದು ವೃತ್ತಿಯಲ್ಲಿ ಬಹುಕಾಲ ದುಡಿದವರನ್ನು, ಕೆಲಸ ಬೇಡದೆ, ಆ ಕೆಲಸದ ಸ್ವರೂಪವನ್ನಷ್ಟೇ ಕೇಳಿ ತಿಳಿಯುವ ಸಣ್ಣ ಭೇಟಿ. ಅಮೆರಿಕದ ರಿಚರ್ಡ್ ಬೋಲ್ಸ್ 1970ರಲ್ಲಿ ಹೊರತಂದ ಉದ್ಯೋಗ ಮಾರ್ಗದರ್ಶಿಯ ಮೂಲಕ ಪ್ರಚಾರ ಪಡೆದ ಈ ಕ್ರಮ ಫಲಿಸುವುದು ಪ್ರಶ್ನೆಗಳ ಆಯ್ಕೆಯಿಂದ.

ಮಳೆ ಕಡಿಮೆಯಾದ ಜಗಳೂರು ತಾಲ್ಲೂಕಿನ 57 ಕೆರೆಗಳಿಗೆ ತುಂಗಭದ್ರೆಯ ನೀರು ಹರಿಸುವ ಯೋಜನೆಯನ್ನು ನೋಡುತ್ತ ಬೆಳೆದ ಸಿವಿಲ್ ವಿದ್ಯಾರ್ಥಿನಿಯೊಬ್ಬಳು, ಇಂಥ ಕಾಮಗಾರಿಯಲ್ಲೇ ತೊಡಗಬೇಕೆಂದು ಬಯಸಿ, ಚನ್ನಗಿರಿಯಲ್ಲಿ ನೆಲೆಸಿರುವ ನಿವೃತ್ತ ನೀರಾವರಿ ಎಂಜಿನಿಯರರಿಗೆ ಪತ್ರ ಬರೆಯುತ್ತಾಳೆಂದು ಭಾವಿಸಬಹುದು. ‘ಸರ್, ದಯವಿಟ್ಟು ಮಾರ್ಗದರ್ಶನ ಮಾಡಿ’ ಎಂದಷ್ಟೇ ಬರೆದರೆ, ಯಾವುದರ ಬಗ್ಗೆ, ಎಷ್ಟು ಹೊತ್ತು ಹೇಳಬೇಕೆಂಬ ಲೆಕ್ಕಾಚಾರವೆಲ್ಲ ಓದುವವರ ತಲೆಗೇ ಬೀಳುವುದರಿಂದ ಉತ್ತರ ಮುಂದಕ್ಕೆ ಹೋಗುತ್ತದೆ. ಜೊತೆಗೆ ಬಯೋಡೇಟಾ ಇಟ್ಟರಂತೂ ಅದು ಕೆಲಸದ ಅರ್ಜಿಯಂತೆಯೇ ಕಾಣುತ್ತದೆ.

ಆದ್ದರಿಂದ ತಾನು ಯಾರು, ಅವರ ಹೆಸರು ಯಾವ ಅಧ್ಯಾಪಕರಿಂದ ತಿಳಿಯಿತು, ಅವರನ್ನೇ ಏಕೆ ಕೇಳುತ್ತಿರುವುದು ಎಂಬುದನ್ನು ಮೂರು ವಾಕ್ಯಗಳಲ್ಲಿ ಹೇಳಿ, ಇಪ್ಪತ್ತು ನಿಮಿಷದ ಭೇಟಿ ಅಥವಾ ಫೋನ್ ಮಾತುಕತೆಗೆ ಎರಡು ದಿನಗಳನ್ನು ಸೂಚಿಸಿ, ಪ್ರಶ್ನೆಗಳನ್ನು ಪತ್ರದಲ್ಲೇ ಬರೆಯುವುದು ಒಳ್ಳೆಯದು. ಒಂದು: ‘ಮೊದಲ ಎರಡು ವರ್ಷಗಳಲ್ಲಿ ತಮ್ಮ ಸಮಯ ಸ್ಥಳದಲ್ಲಿ ಎಷ್ಟು, ಅಂದಾಜುಪಟ್ಟಿ ಮತ್ತು ಬಿಲ್ಲುಗಳಲ್ಲಿ ಎಷ್ಟು ಕಳೆಯಿತು?’ ಎರಡು: ‘ಅಳತೆ ಪುಸ್ತಕ ಬರೆಯುವಾಗ ಹೊಸಬರು ಸಾಮಾನ್ಯವಾಗಿ ಎಲ್ಲಿ ತಪ್ಪುತ್ತಾರೆ?’ (ಎಂ.ಬಿ. ಎಂದು ಕರೆಯುವ ಈ ಪುಸ್ತಕ, ನಡೆದ ಕಾಮಗಾರಿಯ ಅಳತೆಯನ್ನು ದಾಖಲಿಸಿ ಬಿಲ್ಲಿಗೆ ಆಧಾರವಾಗುತ್ತದೆ.) ಮೂರು: ‘ಎಂ.ಟೆಕ್‌ಗೆ ಮೊದಲು ಎರಡು ವರ್ಷ ಕಾಮಗಾರಿಯಲ್ಲಿ ದುಡಿದವರಿಗೆ ಯಾವ ವಿಷಯ ಸುಲಭವಾಗುತ್ತದೆ?’

ನೇಮಕಾತಿ ಅಧಿಸೂಚನೆಯಲ್ಲೇ ಸಿಗುವ ವಿದ್ಯಾರ್ಹತೆ, ವೇತನಶ್ರೇಣಿಗಳನ್ನು ಕೇಳಿದರೆ ಹಿರಿಯರ ಸಮಯ ವ್ಯರ್ಥವಾಗುತ್ತದೆ. ಬರೆದ ಪ್ರಶ್ನೆಗೆ ಮುದ್ರಿತ ಕಾಗದದಲ್ಲಿ ಉತ್ತರವಿದ್ದರೆ ಅದನ್ನು ತೆಗೆದುಹಾಕಬೇಕು. ಸೇವೆಯಲ್ಲಿರುವ ಅಧಿಕಾರಿಯಾದರೆ, ನಡೆಯುತ್ತಿರುವ ಟೆಂಡರು, ಬಾಕಿ ಬಿಲ್ಲುಗಳ ವಿಷಯಕ್ಕೆ ಹೋಗಬಾರದು. ಅವರು ಅದಕ್ಕೆ ಉತ್ತರಿಸಲಾರರು, ಪ್ರಶ್ನೆಯಿಂದ ಮುಜುಗರವೂ ಆಗುತ್ತದೆ.

ಹತ್ತು ದಿನ ಉತ್ತರ ಬಾರದಿದ್ದರೆ ಒಮ್ಮೆ ಮಾತ್ರ ನೆನಪಿಸಿ, ಆಮೇಲೆ ಸುಮ್ಮನಾಗುವುದು ಮರ್ಯಾದೆ. ಭೇಟಿಯಲ್ಲಿ ಇಪ್ಪತ್ತನೆಯ ನಿಮಿಷಕ್ಕೆ ‘ಹೇಳಿದ ಸಮಯ ಆಯಿತು, ಸರ್’ ಎಂದು ನೆನಪಿಸಬೇಕು; ಮಾತು ಮುಂದುವರಿಸುವುದು ಅವರಿಗೆ ಬಿಟ್ಟದ್ದು.

ಒಬ್ಬರ ಅನುಭವ ಅವರ ಕಾಲಕ್ಕೂ ಇಲಾಖೆಗೂ ಸೇರಿದ್ದು. ಅದೇ ಮೂರು ಪ್ರಶ್ನೆಗಳನ್ನು ಹೊನ್ನಾಳಿಯಲ್ಲೋ ನ್ಯಾಮತಿಯಲ್ಲೋ ಗುತ್ತಿಗೆದಾರರ ಪರವಾಗಿ ದುಡಿಯುವ ಎಂಜಿನಿಯರರಿಗೂ ಕೇಳಿದಾಗ, ಅಳತೆ ಪುಸ್ತಕದ ಬಗ್ಗೆ ಅದನ್ನು ಬರೆಯುವವರ ಮಾತೂ ಬಿಲ್ಲು ಪಡೆಯುವವರ ಮಾತೂ ಎಲ್ಲಿ ಬೇರೆಯಾಗುತ್ತವೆ ಎಂಬುದು ಕಾಣುತ್ತದೆ. ಆ ವ್ಯತ್ಯಾಸವೇ ವಿದ್ಯಾರ್ಥಿನಿಗೆ ಆ ವೃತ್ತಿಯ ನಿಜವಾದ ಚಿತ್ರವನ್ನು ಕೊಡುತ್ತದೆ.