ಮೊಡವೆಗೆ ಜಿಂಕ್, ವಿಟಮಿನ್ ಎ: ಮಾತ್ರೆಯ ಹಿಂದಿನ ಲೆಕ್ಕ

1977ರಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಚರ್ಮವೈದ್ಯೆ ಗೆರ್ಡ್ ಮಿಕೇಲ್ಸನ್ ಮತ್ತು ಅವರ ಜೊತೆಗಾರರು ಮೊಡವೆ ಇದ್ದವರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಜಿಂಕ್, ಅಂದರೆ ಸತುವಿನ ಮಾತ್ರೆ, ಇನ್ನೊಂದಕ್ಕೆ ವಿಟಮಿನ್ ಎ, ಮೂರನೆಯದಕ್ಕೆ ಎರಡೂ, ನಾಲ್ಕನೆಯದಕ್ಕೆ ಔಷಧವೇ ಇಲ್ಲದ ಹುಸಿಮಾತ್ರೆ. ಪ್ರತಿ ಭೇಟಿಯಲ್ಲೂ ಮುಖದ ಮೇಲಿನ ಗುಳ್ಳೆಗಳನ್ನು ಒಂದೊಂದಾಗಿ ಎಣಿಸಿದರು. ನಾಲ್ಕು ವಾರ ಕಳೆಯುವಷ್ಟರಲ್ಲಿ ಜಿಂಕ್ ತಿಂದವರ ಕೆಂಪು ಗುಳ್ಳೆಗಳೂ ಕೀವುಗುಳ್ಳೆಗಳೂ ಗಮನಾರ್ಹವಾಗಿ ಇಳಿದಿದ್ದವು. ವಿಟಮಿನ್ ಎ ಜೊತೆಗೆ ಸೇರಿಸಿದ್ದರಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಹನ್ನೆರಡು ವಾರಗಳಲ್ಲಿ ಮೊಡವೆಯ ತೀವ್ರತೆ ಮೊದಲಿದ್ದುದರ ಶೇ. 15ಕ್ಕೆ ಬಂದಿತ್ತು.

ಈ ಪ್ರಯೋಗವನ್ನು ನೆಚ್ಚಿಕೊಂಡು ಮೆಡಿಕಲ್ ಶಾಪಿಗೆ ಹೋಗುವ ಮೊದಲು ಅಲ್ಲಿ ಕೊಟ್ಟ ಪ್ರಮಾಣವನ್ನು ನೋಡಬೇಕು. ಜಿಂಕ್ ದಿನಕ್ಕೆ 135 ಮಿಲಿಗ್ರಾಂ. ವಿಟಮಿನ್ ಎ 3 ಲಕ್ಷ ಯೂನಿಟ್. ಹದಿಹರೆಯದವರಿಗೆ ಸುರಕ್ಷಿತ ಎಂದು ಇಂದು ಒಪ್ಪಿಕೊಂಡಿರುವ ಗರಿಷ್ಠ ಮಿತಿಗಿಂತ ಜಿಂಕ್ ಸುಮಾರು ನಾಲ್ಕು ಪಟ್ಟು, ವಿಟಮಿನ್ ಎ ಮೂವತ್ತು ಪಟ್ಟಿಗೂ ಮೇಲೆ. ಈ ಎರಡು ಅಂಕೆಗಳನ್ನು ಬಿಟ್ಟು ಹೇಳಿದರೆ ಮೊಡವೆಗೆ ಜಿಂಕ್ ಒಳ್ಳೆಯದು, ವಿಟಮಿನ್ ಎ ಒಳ್ಳೆಯದು ಎಂಬ ಮಾತು ಅರ್ಧ ಸತ್ಯವಾಗುತ್ತದೆ. ಮೊಡವೆಯ ಮುಖ ಹೊತ್ತ ಮಕ್ಕಳ ಮಟ್ಟಿಗೆ ಆ ಅರ್ಧ ಸತ್ಯ ಅಪಾಯದ್ದು.

ಉಪ್ಸಾಲಾದ ಫಲಿತಾಂಶ ಎಲ್ಲ ಕಡೆಯೂ ಹಾಗೇ ಮರುಕಳಿಸಲಿಲ್ಲ. ಮರುವರ್ಷವೇ ಪ್ರಕಟವಾದ ಕೆಲವು ಪ್ರಯೋಗಗಳಲ್ಲಿ ಜಿಂಕ್‌ನಿಂದ ಹೇಳಿಕೊಳ್ಳುವ ಲಾಭವಾಗಲಿಲ್ಲ. ಮಾತ್ರೆ ತಿಂದವರಲ್ಲಿ ಹಲವರಿಗೆ ಹೊಟ್ಟೆ ತೊಳಸಿತು. ಸ್ಪಷ್ಟ ಉತ್ತರ ಸಿಕ್ಕಿದ್ದು 2001ರಲ್ಲಿ, ಫ್ರಾನ್ಸಿನ ಬ್ರಿಜಿತ್ ದ್ರೆನೊ ನೇತೃತ್ವದ ಅಧ್ಯಯನದಿಂದ. 332 ಜನರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ 30 ಮಿಲಿಗ್ರಾಂ ಜಿಂಕ್, ಉಳಿದವರಿಗೆ ಮಿನೊಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಮಾತ್ರೆ. ಮೂರು ತಿಂಗಳ ಕೊನೆಗೆ ಚಿಕಿತ್ಸೆ ಫಲಿಸಿದ್ದು ಜಿಂಕ್ ಗುಂಪಿನಲ್ಲಿ ಶೇ. 31ರಷ್ಟು ಮಂದಿಗೆ, ಆ್ಯಂಟಿಬಯಾಟಿಕ್ ಗುಂಪಿನಲ್ಲಿ ಶೇ. 63ರಷ್ಟು ಮಂದಿಗೆ. ಜಿಂಕ್ ಸುಳ್ಳಲ್ಲ, ಆದರೆ ವೈದ್ಯರು ಬರೆದುಕೊಡುವ ಔಷಧದ ಅರ್ಧದಷ್ಟೇ ಜನರಿಗೆ ಅದು ಸಾಕಾಯಿತು.

ಯಾಕೆ ಹೀಗೆ ಎಂಬುದು ಮೊಡವೆ ಹುಟ್ಟುವ ಬಗೆಯಲ್ಲಿದೆ. ಪ್ರಾಯಕ್ಕೆ ಬಂದಾಗ ಆಂಡ್ರೊಜನ್ ಹಾರ್ಮೋನುಗಳಿಂದ ಚರ್ಮದ ಎಣ್ಣೆ ಗ್ರಂಥಿಗಳು ದಪ್ಪಗಾಗಿ ಹೆಚ್ಚು ಜಿಡ್ಡು ಸುರಿಸುತ್ತವೆ. ರೋಮರಂಧ್ರದ ಒಳಗೋಡೆಯ ಸತ್ತ ಕೋಶಗಳು ಉದುರದೆ ಅಂಟಿಕೊಂಡು ಬಾಯಿ ಕಟ್ಟುತ್ತವೆ. ಒಳಗೆ ಸಿಕ್ಕಿಬಿದ್ದ ಜಿಡ್ಡಿನಲ್ಲಿ ಚರ್ಮದಲ್ಲೇ ವಾಸಿಸುವ ಬ್ಯಾಕ್ಟೀರಿಯಾ ಬೆಳೆದು ಉರಿಯೂತ ಏಳುತ್ತದೆ. ಜಿಂಕ್ ಮುಖ್ಯವಾಗಿ ಕೆಲಸ ಮಾಡುವುದು ಈ ಕೊನೆಯ ಹಂತದಲ್ಲಿ, ಉರಿಯೂತವನ್ನು ತಗ್ಗಿಸುವುದರಲ್ಲಿ. ಆದ್ದರಿಂದಲೇ ಕೆಂಪಾಗಿ ನೋಯುವ ಗುಳ್ಳೆಗಳಲ್ಲಿ ಅದರ ಗುಣ ಕಾಣುತ್ತದೆ. ಮೂಗು, ಹಣೆಯ ಮೇಲಿನ ಕಪ್ಪು-ಬಿಳಿ ಚುಕ್ಕೆಗಳ ಮೇಲೆ ಅದರಿಂದ ಹೆಚ್ಚು ನಿರೀಕ್ಷಿಸುವಂತಿಲ್ಲ. 2020ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗಲೂ ಜಿಂಕ್ ಪಡೆದವರಲ್ಲಿ ಉರಿಯೂತದ ಗುಳ್ಳೆಗಳು ಕಡಿಮೆಯಾಗಿದ್ದು ಕಂಡಿತು. ಹಾಗಿದ್ದೂ 2024ರಲ್ಲಿ ಅಮೆರಿಕದ ಚರ್ಮವೈದ್ಯರ ಅಕಾಡೆಮಿ ತನ್ನ ಮಾರ್ಗಸೂಚಿಯಲ್ಲಿ ಜಿಂಕನ್ನು ಶಿಫಾರಸು ಮಾಡಲು ಸಾಕ್ಷ್ಯ ಸಾಲದು ಎಂದೇ ಹೇಳಿತು. ನನ್ನ ಅಭಿಪ್ರಾಯದಲ್ಲಿ ಎರಡೂ ಸರಿ. ಅಲ್ಪಸ್ವಲ್ಪ ಮೊಡವೆ ಇದ್ದು, ಆ್ಯಂಟಿಬಯಾಟಿಕ್ ಬೇಡ ಎನ್ನುವವರು ವೈದ್ಯರಿಗೆ ತಿಳಿಸಿ ಮೂರು ತಿಂಗಳು ಜಿಂಕ್ ತೆಗೆದುಕೊಂಡು ನೋಡಬಹುದು. ಗಂಟುಗಂಟಾಗಿ ಎದ್ದು ಕಲೆ ಉಳಿಸುವ ಮೊಡವೆಗೆ ಅದನ್ನೇ ನಂಬಿ ಕೂತರೆ ಕಳೆದುಹೋಗುವುದು ಮುಖದ ಮೇಲೆ ಶಾಶ್ವತವಾಗಿ ಗುಳಿ ಬೀಳುವ ಮೊದಲಿನ ಅಮೂಲ್ಯ ತಿಂಗಳುಗಳು.

ಎಷ್ಟು ತೆಗೆದುಕೊಳ್ಳಬೇಕು ಎಂಬಲ್ಲಿ ಜನ ಎಡವುವುದು ಹೆಚ್ಚು. ಮಾತ್ರೆಯಲ್ಲಿರುವುದು ಬರಿಯ ಜಿಂಕ್ ಅಲ್ಲ, ಜಿಂಕ್‌ನ ಲವಣ. 220 ಮಿಲಿಗ್ರಾಂ ಜಿಂಕ್ ಸಲ್ಫೇಟ್ ಎಂದು ಬರೆದಿದ್ದರೆ ದೇಹಕ್ಕೆ ಲೆಕ್ಕವಾಗುವ ಜಿಂಕ್ 50 ಮಿಲಿಗ್ರಾಂ. ಗ್ಲುಕೋನೇಟ್ ಆದರೆ 200 ಮಿಲಿಗ್ರಾಂ ಲವಣದಲ್ಲಿ ಸುಮಾರು 30. ಮಾತ್ರೆಯ ಪಟ್ಟಿಯ ಮೇಲೆ ಸಣ್ಣ ಅಕ್ಷರಗಳಲ್ಲಿ 'ಎಲಿಮೆಂಟಲ್ ಜಿಂಕ್' ಎಂದು ಬರೆದಿರುವ ಅಂಕೆಯನ್ನೇ ನೋಡಬೇಕು. ಅಮೆರಿಕದ ಪೋಷಣಾ ಮಂಡಳಿ 14ರಿಂದ 18 ವರ್ಷದವರಿಗೆ ಇಟ್ಟಿರುವ ಗರಿಷ್ಠ ಮಿತಿ, ಊಟದ್ದೂ ಮಾತ್ರೆಯದ್ದೂ ಸೇರಿ, ದಿನಕ್ಕೆ 34 ಮಿಲಿಗ್ರಾಂ. 9ರಿಂದ 13 ವರ್ಷದವರಿಗೆ 23. ವೈದ್ಯರು ತಮ್ಮ ನಿಗಾದಲ್ಲಿ ಕೆಲವು ವಾರ ಇದನ್ನು ಮೀರಬಹುದು. ತಾನಾಗಿ ಕೊಂಡು ತಿಂಗಳುಗಟ್ಟಲೆ ಮೀರುವುದು ಬೇರೆ ವಿಷಯ.

ಮೀರಿದರೆ ಆಗುವುದು ಎರಡು. ಖಾಲಿ ಹೊಟ್ಟೆಯಲ್ಲಿ ತಿಂದವರಿಗೆ ಅರ್ಧ ಗಂಟೆಯಲ್ಲಿ ಓಕರಿಕೆ ಬರುತ್ತದೆ. ಊಟದ ನಂತರ ತೆಗೆದುಕೊಂಡರೆ ಇದು ಬಹುಮಟ್ಟಿಗೆ ತಪ್ಪುತ್ತದೆ. ಎರಡನೆಯದು ಕಣ್ಣಿಗೆ ಬೀಳದ್ದು. ಜಿಂಕ್ ಹೆಚ್ಚಾದಾಗ ಕರುಳಿನ ಕೋಶಗಳು ಲೋಹಗಳನ್ನು ಹಿಡಿದಿಡುವ ಒಂದು ಪ್ರೋಟೀನನ್ನು ಹೆಚ್ಚು ತಯಾರಿಸುತ್ತವೆ. ಆ ಪ್ರೋಟೀನ್ ಜಿಂಕ್‌ಗಿಂತ ತಾಮ್ರವನ್ನು ಬಿಗಿಯಾಗಿ ಹಿಡಿಯುತ್ತದೆ. ಹಿಡಿದ ತಾಮ್ರ ರಕ್ತಕ್ಕೆ ಸೇರದೆ, ಕೋಶ ಉದುರಿದಾಗ ಮಲದ ಜೊತೆ ಹೊರಗೆ ಹೋಗುತ್ತದೆ. ತಿಂಗಳುಗಳು ಕಳೆದ ಮೇಲೆ ತಾಮ್ರದ ಕೊರತೆಯಿಂದ ರಕ್ತಹೀನತೆ ಬರುತ್ತದೆ, ಬಿಳಿ ರಕ್ತಕಣ ಇಳಿಯುತ್ತದೆ, ಕೆಲವರಿಗೆ ಕಾಲು ಜೋಮು ಹಿಡಿಯುತ್ತದೆ. ಮೊಡವೆಗೆಂದು ಜಿಂಕ್ ತಿಂದ ಹದಿಹರೆಯದವರಲ್ಲೇ ಇದು ವರದಿಯಾಗಿದೆ. ಕಬ್ಬಿಣಾಂಶದ ಮಾತ್ರೆಗೂ ಜಗ್ಗದ ರಕ್ತಹೀನತೆ ಇದ್ದರೆ ಮನೆಯಲ್ಲಿ ಯಾವ ಮಾತ್ರೆ ನಡೆಯುತ್ತಿದೆ ಎಂದು ವೈದ್ಯರಿಗೆ ಹೇಳಲೇಬೇಕು.

ವಿಟಮಿನ್ ಎಯ ಕಥೆ ಇನ್ನೂ ಗಂಭೀರ. 1981ರಲ್ಲಿ ಫಿಲಡೆಲ್ಫಿಯಾದ ಆಲ್ಬರ್ಟ್ ಕ್ಲಿಗ್‌ಮನ್ ಮತ್ತಿತರರು ವಿಟಮಿನ್ ಎಯಿಂದ ಮೊಡವೆ ಇಳಿಯುತ್ತದೆ ಎಂದು ವರದಿ ಮಾಡಿದರು. ಆದರೆ ಅದಕ್ಕೆ ಬೇಕಾಗಿದ್ದು ದಿನಕ್ಕೆ 3ರಿಂದ 5 ಲಕ್ಷ ಯೂನಿಟ್, ಅದಕ್ಕಿಂತ ಕಡಿಮೆಯಲ್ಲಿ ಕೆಲಸವಾಗಲಿಲ್ಲ. ಒಂದು ಯೂನಿಟ್ ರೆಟಿನಾಲ್ ಎಂದರೆ 0.3 ಮೈಕ್ರೋಗ್ರಾಂ. 3 ಲಕ್ಷ ಯೂನಿಟ್ ಎಂದರೆ 90,000 ಮೈಕ್ರೋಗ್ರಾಂ. ಹದಿಹರೆಯದ ಹುಡುಗನಿಗೆ ದಿನಕ್ಕೆ ಬೇಕಾದದ್ದು ಸುಮಾರು 900, ಹುಡುಗಿಗೆ 700, ಸುರಕ್ಷಿತ ಗರಿಷ್ಠ 2,800. ಅಂದರೆ ಗುಣ ಕೊಡುವ ಪ್ರಮಾಣವೂ ವಿಷವಾಗುವ ಪ್ರಮಾಣವೂ ಒಂದೇ. ಸುರಕ್ಷಿತ ಪ್ರಮಾಣದಲ್ಲಿ ಮೊಡವೆ ಕದಲುವುದಿಲ್ಲ. ನಡುವೆ ನಿಲ್ಲಲು ಜಾಗವೇ ಇಲ್ಲ.

ಜಿಂಕ್‌ನಂತೆ ಇದು ಬೇಗ ಹೊರಹೋಗುವುದಿಲ್ಲ. ಕೊಬ್ಬಿನಲ್ಲಿ ಕರಗುವ ಈ ವಿಟಮಿನನ್ನು ಲಿವರ್ ಕಣಜದಂತೆ ತುಂಬಿಟ್ಟುಕೊಳ್ಳುತ್ತದೆ. ತುಟಿ ಒಡೆಯುವುದು, ಚರ್ಮ ಸುಲಿಯುವುದು, ಕೂದಲು ಉದುರುವುದು, ಮೂಳೆನೋವು, ಬಿಟ್ಟೂಬಿಡದ ತಲೆನೋವು, ದೃಷ್ಟಿ ಮಬ್ಬಾಗುವುದು ಅದು ಮಿತಿ ಮೀರಿದ ಸೂಚನೆಗಳು. ತಲೆನೋವಿನ ಜೊತೆ ಕಣ್ಣು ಮಂಜಾದರೆ ತಲೆಬುರುಡೆಯೊಳಗಿನ ಒತ್ತಡ ಏರಿರಬಹುದು. ಅಂದೇ ಆಸ್ಪತ್ರೆಗೆ ಹೋಗಬೇಕು. ಕ್ಯಾರೆಟ್, ಪಪ್ಪಾಯಿ, ಸೊಪ್ಪಿನಿಂದ ಈ ಭಯವಿಲ್ಲ, ಯಾಕೆಂದರೆ ಅವುಗಳ ಕ್ಯಾರೊಟಿನನ್ನು ದೇಹ ತನಗೆ ಬೇಕಾದಷ್ಟೇ ವಿಟಮಿನ್ ಎ ಆಗಿ ಮಾರ್ಪಡಿಸಿಕೊಳ್ಳುತ್ತದೆ.

ಅಂಗನವಾಡಿಯಲ್ಲಿ ಪುಟ್ಟ ಮಕ್ಕಳಿಗೇ 2 ಲಕ್ಷ ಯೂನಿಟ್ ಸಿರಪ್ ಕುಡಿಸುತ್ತಾರಲ್ಲ ಎಂದು ತಾಯಂದಿರು ಕೇಳುವುದು ಸಹಜ. ಆ ಸಿರಪ್ ಆರು ತಿಂಗಳಿಗೊಮ್ಮೆ ಕೊಡುವಂಥದ್ದು. ಹಂಚಿ ನೋಡಿದರೆ ದಿನಕ್ಕೆ 1,100 ಯೂನಿಟ್ ಆಸುಪಾಸು. ಕೊರತೆಯಿಂದ ಮಕ್ಕಳ ಕಣ್ಣು ಹೋಗದಿರಲೆಂದು ಲಿವರಿನ ದಾಸ್ತಾನು ತುಂಬುವ ಉಪಾಯ ಅದು. ಹದಿನಾರರ ಹುಡುಗಿ ದಿನಾ ಕ್ಯಾಪ್ಸೂಲ್ ನುಂಗುವುದಕ್ಕೂ ಅದಕ್ಕೂ ಹೋಲಿಕೆಯಿಲ್ಲ.

ವಿಟಮಿನ್ ಎಯ ಗುಣವನ್ನು ಉಳಿಸಿಕೊಂಡು ಅದರ ದಾಸ್ತಾನಿನ ತೊಂದರೆಯನ್ನು ಬಿಡಿಸಿದ ಫಲವೇ 1982ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಐಸೊಟ್ರೆಟಿನಾಯಿನ್. ಅದು ವಿಟಮಿನ್ ಎಯ ವಂಶದ್ದೇ, ಆದರೆ ಲಿವರಿನಲ್ಲಿ ಹಾಗೆ ಶೇಖರವಾಗುವುದಿಲ್ಲ. ನಿಲ್ಲಿಸಿದ ತಿಂಗಳೊಳಗೆ ದೇಹದಿಂದ ಹೋಗುತ್ತದೆ. ಎಣ್ಣೆ ಗ್ರಂಥಿಯನ್ನೇ ಕುಗ್ಗಿಸಿ ಮೊಡವೆಯ ಬುಡಕ್ಕೆ ಕೈಹಾಕುತ್ತದೆ. ಆದರೆ ಗರ್ಭಿಣಿ ತೆಗೆದುಕೊಂಡರೆ ಮಗುವಿಗೆ ಭಾರೀ ಅಂಗವೈಕಲ್ಯ ತರುತ್ತದೆ. ಆದ್ದರಿಂದ ರಕ್ತಪರೀಕ್ಷೆ, ಗರ್ಭ ಇಲ್ಲವೆಂಬ ಖಾತರಿ, ನಿಲ್ಲಿಸಿದ ಮೇಲೂ ಒಂದು ತಿಂಗಳ ಎಚ್ಚರ ಇಲ್ಲದೆ ಯಾವ ಹುಡುಗಿಗೂ ಅದನ್ನು ಕೊಡಬಾರದು. ಇದೇ ವಂಶದ ಅಡಾಪಲೀನ್ ಜೆಲ್ ಮಾತ್ರ ಹಚ್ಚುವಂಥದ್ದು. ರೋಮರಂಧ್ರದ ಬಾಯಿ ಕಟ್ಟದಂತೆ ನೋಡಿಕೊಳ್ಳುತ್ತದೆ, ರಕ್ತಕ್ಕೆ ಸೇರುವುದು ಅತ್ಯಲ್ಪ.

ಒಂದು ಉದಾಹರಣೆ ಹಿಡಿದು ಲೆಕ್ಕ ಹಾಕೋಣ. ಪಿಯುಸಿ ಓದುವ, 50 ಕಿಲೋ ತೂಕದ ಹದಿನಾರರ ಹುಡುಗಿ. ಯಾರೋ ಹೇಳಿದರೆಂದು 220 ಮಿಲಿಗ್ರಾಂನ ಜಿಂಕ್ ಸಲ್ಫೇಟ್ ಮಾತ್ರೆ, 25,000 ಯೂನಿಟ್ ವಿಟಮಿನ್ ಎ ಕ್ಯಾಪ್ಸೂಲ್, ಜೊತೆಗೆ 15 ಮಿಲಿಗ್ರಾಂ ಜಿಂಕ್ ಇರುವ ಮಲ್ಟಿವಿಟಮಿನ್ ದಿನಾ ತಿನ್ನುತ್ತಿದ್ದಾಳೆ. ಜಿಂಕ್ 50ಕ್ಕೆ 15 ಸೇರಿ 65, ಮಿತಿಯ ಸುಮಾರು ಎರಡು ಪಟ್ಟು. ವಿಟಮಿನ್ ಎ 7,500 ಮೈಕ್ರೋಗ್ರಾಂ: ಅಗತ್ಯದ ಹತ್ತು ಪಟ್ಟಿಗಿಂತ ಹೆಚ್ಚು, ಮಿತಿಯ ಎರಡೂವರೆ ಪಟ್ಟಿಗಿಂತ ಹೆಚ್ಚು, ಆದರೆ ಮೊಡವೆ ಇಳಿಸಲು ಕ್ಲಿಗ್‌ಮನ್ ಕೊಟ್ಟಿದ್ದರ ಹನ್ನೆರಡನೇ ಒಂದು ಪಾಲು. ಅವಳಿಗೆ ಅಪಾಯ ಮಾತ್ರ ಉಳಿಯಿತು, ಲಾಭ ಸಿಗಲಿಲ್ಲ.

ಅವಳ ಮೊಡವೆ ಮಧ್ಯಮ ತರದ್ದಾಗಿದ್ದರೆ ಚರ್ಮವೈದ್ಯರು ಕ್ಯಾಪ್ಸೂಲನ್ನು ಅಂದೇ ನಿಲ್ಲಿಸಿ, ರಾತ್ರಿ ಒಣ ಮುಖಕ್ಕೆ ಬಟಾಣಿ ಕಾಳಿನಷ್ಟು 0.1 ಶೇಕಡ ಅಡಾಪಲೀನ್, ಬೆಳಿಗ್ಗೆ 2.5 ಶೇಕಡ ಬೆಂಜಾಯಿಲ್ ಪೆರಾಕ್ಸೈಡ್ ಬರೆದುಕೊಡುವುದು ವಾಡಿಕೆ. ಮೊದಲ ವಾರಗಳಲ್ಲಿ ಚರ್ಮ ಒಣಗಿ ಉರಿಯುತ್ತದೆ. ಎಷ್ಟೋ ಮಂದಿ ಅಲ್ಲೇ ಬಿಟ್ಟುಬಿಡುತ್ತಾರೆ. ದಿನ ಬಿಟ್ಟು ದಿನ ಹಚ್ಚಿ, ಮಾಯಿಶ್ಚರೈಸರ್ ಬಳಸಿ ಮುಂದುವರಿದರೆ ಫಲ ಎರಡು-ಮೂರು ತಿಂಗಳಿಗೆ ತೋರುತ್ತದೆ. ಡಾಕ್ಸಿಸೈಕ್ಲಿನ್ ಮಾತ್ರೆಯೂ ಬೇಕಾದರೆ ಜಿಂಕ್ ಮಾತ್ರೆಗೂ ಅದಕ್ಕೂ ಎರಡು-ಮೂರು ತಾಸು ಅಂತರ ಇರಲೇಬೇಕು, ಇಲ್ಲವಾದರೆ ಜಿಂಕ್ ಅದನ್ನು ಕರುಳಿನಲ್ಲೇ ಹಿಡಿದು ರಕ್ತಕ್ಕೆ ಸೇರದಂತೆ ಮಾಡುತ್ತದೆ. ಡಾಕ್ಸಿಸೈಕ್ಲಿನ್ ಜೊತೆ ವಿಟಮಿನ್ ಎಯಾಗಲಿ ಐಸೊಟ್ರೆಟಿನಾಯಿನ್ ಆಗಲಿ ಕೂಡದು. ತಲೆಯೊಳಗಿನ ಒತ್ತಡ ಏರಿಸುವ ಗುಣ ಎಲ್ಲಕ್ಕೂ ಇದೆ.

ಮೊಡವೆ ಗಂಟುಗಟ್ಟಿ ಕಲೆ ಬೀಳುತ್ತಿದ್ದರೆ ಐಸೊಟ್ರೆಟಿನಾಯಿನ್ ಸರದಿ. ಕಿಲೋ ತೂಕಕ್ಕೆ ಅರ್ಧ ಮಿಲಿಗ್ರಾಂನಂತೆ ಅವಳಿಗೆ ದಿನಕ್ಕೆ 25. ಇಡೀ ಚಿಕಿತ್ಸೆಗೆ ಕಿಲೋಗೆ 120 ಮಿಲಿಗ್ರಾಂ ಗುರಿ ಎಂದರೆ ಒಟ್ಟು 6,000, ಸುಮಾರು ಎಂಟು ತಿಂಗಳು. ಈ ಎಂಟು ತಿಂಗಳೂ ವಿಟಮಿನ್ ಎ ಇರುವ ಯಾವ ಟಾನಿಕ್ಕೂ ಮಲ್ಟಿವಿಟಮಿನ್ನೂ ಜೊತೆಗಿರಬಾರದು, ಆದ್ದರಿಂದ ಮೊದಲ ಭೇಟಿಗೆ ಮನೆಯಲ್ಲಿರುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನೂ ಕೈಯಲ್ಲಿ ಹಿಡಿದುಕೊಂಡೇ ಹೋಗಬೇಕು.